ಮೂವತ್ತೊಂದನೇ ತಾರೀಖಿನ ಸಂಜೆಯನ್ನು ಮೊದಲೇ ನಡೆಸಿ ನೋಡುವುದು

ಊರೂರಲ್ಲಿ ಡಿಪೋ ಇರುವ ಕಂಪನಿಗಳಲ್ಲಿ ತಿಂಗಳ ಕೊನೆಯ ದಿನ ಸಂಜೆ ಐದು ದಾಟಿತೆಂದರೆ ಬಿಲ್ಲಿಂಗ್ ಕೌಂಟರಿನಲ್ಲಿ ಮಾತಾಡಲೂ ಪುರುಸೊತ್ತಿರುವುದಿಲ್ಲ. ಮಾರಾಟದವರ ಟಾರ್ಗೆಟ್ ಅಂದೇ ಮುಟ್ಟಬೇಕು. ಲೋಡಾಗಿ ನಿಂತ ಲಾರಿ ಬಿಲ್ಲಿಲ್ಲದೆ ಗೇಟು ದಾಟುವಂತಿಲ್ಲ. ಅದೇ ಹೊತ್ತಿಗೆ ಹೆಡ್ ಆಫೀಸಿನ ಅಕೌಂಟ್ಸ್ ವಿಭಾಗ ತನ್ನ ತಿಂಗಳ ಕೊನೆಯ ಬ್ಯಾಚ್ ಜಾಬ್‌ಗಳನ್ನು ಶುರುಮಾಡುತ್ತದೆ. ಪರದೆಯ ಮುಂದೆ ಯಾರೂ ಕೂರಬೇಕಿಲ್ಲದೆ ಕಂಪ್ಯೂಟರ್ ತಾನಾಗಿಯೇ ಸಾವಿರಾರು ಲೆಕ್ಕಗಳನ್ನು ಸಾಲಾಗಿ ಮಾಡಿ ಮುಗಿಸುವ ಕೆಲಸಗಳಿವು: ಯಂತ್ರಗಳ ಸವಕಳಿ, ಸ್ಟಾಕಿನ ಮೌಲ್ಯ, ನೌಕರರ ಸಂಬಳ, ವರ್ಷದ ಕಾಂಟ್ರಾಕ್ಟ್ ಇರುವ ಗ್ರಾಹಕರ ತಿಂಗಳ ಬಿಲ್ಲು.

ಹೊಸ ತಂತ್ರಾಂಶ ಹಾಕುವಾಗ ಈ ಎರಡನ್ನೂ ಪರೀಕ್ಷಿಸುತ್ತಾರೆ, ಆದರೆ ಬಹಳ ಕಡೆ ಬೇರೆಬೇರೆಯಾಗಿ. ಹಗಲಲ್ಲಿ ಬಳಕೆದಾರರ ಲೋಡ್ ಟೆಸ್ಟ್ ನಡೆಯುತ್ತದೆ, ಪಾಸಾಗುತ್ತದೆ. ರಾತ್ರಿ ಬ್ಯಾಚ್ ಓಡುತ್ತದೆ, ಅದೂ ಪಾಸು. ಎರಡೂ ವರದಿಗಳು ಹಸಿರಾಗಿವೆ ಎಂದು ಗೋ-ಲೈವ್‌ಗೆ ಸಹಿ ಬೀಳುತ್ತದೆ. ಒಂದೊಂದೇ ಗೆದ್ದದ್ದು ಕೂಡಿದಾಗ ಸೋಲುವುದು ಹೇಗೆ ಎಂಬುದಕ್ಕೆ ಬಿಲ್ ನಂಬರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಒಂದು ಕಲ್ಪಿತ ಕಂಪನಿಯನ್ನು ಇಟ್ಟುಕೊಂಡು ಲೆಕ್ಕ ಹಾಕಿಯೇ ನೋಡೋಣ.

ಕಂಪನಿಯಲ್ಲಿ 900 ಜನರಿಗೆ ಲಾಗಿನ್ ಇದೆ. ಹಾಗೆಂದು 900 ಜನರ ಟೆಸ್ಟ್ ಮಾಡಬೇಕಿಲ್ಲ, ‘ಒಂದು ನೂರು ಸಾಕು’ ಎಂದು ಅಂದಾಜು ಹೊಡೆಯುವುದೂ ಸಲ್ಲ. ಹಳೆಯ ತಂತ್ರಾಂಶದಿಂದ ಕಳೆದ ವರ್ಷದ ತಿಂಗಳ ಕೊನೆಗಳ ಬಿಲ್ಲುಗಳನ್ನು ತೆಗೆದು ಗಂಟೆಗಂಟೆಗೆ ಎಣಿಸಬೇಕು. ಅತಿ ಹೆಚ್ಚು ಕೆಲಸವಾದ ಗಂಟೆಯಲ್ಲಿ 4,800 ಬಿಲ್ಲಾಗಿವೆ ಎನ್ನೋಣ. ಗುಮಾಸ್ತರ ಪಕ್ಕದಲ್ಲಿ ಕೂತು ನೋಡಿದರೆ ಒಂದು ಬಿಲ್ಲಿನಿಂದ ಮುಂದಿನ ಬಿಲ್ಲಿಗೆ ಸುಮಾರು 150 ಸೆಕೆಂಡ್ ಹಿಡಿಯುತ್ತದೆ. ಅದರಲ್ಲಿ ಟೈಪ್ ಮಾಡುವುದು, ಚಲನ್ ತಿರುವಿ ನೋಡುವುದು, ಡ್ರೈವರಿಗೆ ಉತ್ತರ ಕೊಡುವುದು ಎಲ್ಲ ಸೇರಿದೆ. 4,800ನ್ನು 150ರಿಂದ ಗುಣಿಸಿ ಗಂಟೆಯ 3,600 ಸೆಕೆಂಡುಗಳಿಂದ ಭಾಗಿಸಿದರೆ 200. ಅಂದರೆ ಆ ಗಂಟೆಯಲ್ಲಿ ಸದಾ ಕೆಲಸದಲ್ಲಿರುವವರು 200 ಜನ. ಜೆಮೀಟರ್‌ನಂಥ ಉಪಕರಣದಲ್ಲಿ ಅಷ್ಟೇ ನಕಲಿ ಬಳಕೆದಾರರನ್ನು ಎಬ್ಬಿಸಬೇಕು. ಮುಂದಿನ ವರ್ಷಗಳ ಬೆಳವಣಿಗೆಗೆ ನಾಲ್ಕನೇ ಒಂದು ಪಾಲು ಸೇರಿಸಿ ಇನ್ನೊಂದು ಸುತ್ತು ಓಡಿಸಬಹುದು.

ಮನುಷ್ಯರು ಯೋಚಿಸಲು ತೆಗೆದುಕೊಳ್ಳುವ ಆ ಬಿಡುವನ್ನು ಟೆಸ್ಟಿನಿಂದ ಕಿತ್ತುಹಾಕುವವರಿದ್ದಾರೆ. ಆಗ ಅದೇ 200 ಜನ ಎಷ್ಟೋ ಪಟ್ಟು ಬಿಲ್ಲು ಹೊಡೆಯುತ್ತಾರೆ, ಯಾವ ಯಂತ್ರವೂ ಬೀಳುತ್ತದೆ, ಅದರಿಂದ ತಿಳಿಯುವುದು ಏನೂ ಇಲ್ಲ.

ಈಗ ನಂಬರಿಗೆ ಬರೋಣ. ಜಿಎಸ್‌ಟಿ ನಿಯಮಗಳಲ್ಲಿ 46ನೆಯದರ ಪ್ರಕಾರ ಬಿಲ್ಲಿನ ಕ್ರಮಸಂಖ್ಯೆ ಒಂದರ ಹಿಂದೊಂದು ಸರಣಿಯಾಗಿರಬೇಕು, 16 ಅಕ್ಷರ ಮೀರಬಾರದು, ಆ ಆರ್ಥಿಕ ವರ್ಷದಲ್ಲಿ ಎರಡು ಸಲ ಬರಬಾರದು. ನಡುವೆ ನಂಬರ್ ಬಿಟ್ಟುಹೋದರೆ ಆಡಿಟರು ಕೇಳುತ್ತಾರೆ. ಹೀಗಾಗಿ ತಂತ್ರಾಂಶ ಬರೆದವರು ಡೇಟಾಬೇಸಿನ ಒಂದು ಸಾಲಿನಲ್ಲಿ ‘ಕೊನೆಯ ನಂಬರ್ ಇಷ್ಟು’ ಎಂದು ಬರೆದಿಡುತ್ತಾರೆ. ಬಿಲ್ಲು ಸೇವ್ ಮಾಡುವವರು ಆ ಸಾಲಿಗೆ ಲಾಕ್ ಹಾಕಿ, ನಂಬರನ್ನು ಒಂದು ಹೆಚ್ಚಿಸಿ, ಬಿಲ್ಲು ಪೂರ್ತಿಯಾಗಿ ಬರೆದು ಕಮಿಟ್ ಆದಮೇಲೆ ಲಾಕ್ ಬಿಡಬೇಕು. ಇಡೀ ಕಂಪನಿಗೆ ಒಂದೇ ಬಿಲ್ ಪುಸ್ತಕವಿದ್ದು, ಬರೆಯುವವರು ಬರೆದು ಕೊಡುವ ತನಕ ಉಳಿದವರು ಕಾಯುತ್ತ ನಿಂತ ಹಾಗೆ.

ಬಳಕೆದಾರರ ಟೆಸ್ಟಿನಲ್ಲಿ ಇದು ತೊಂದರೆ ಕೊಡುವುದಿಲ್ಲ. ಗಂಟೆಗೆ 4,800 ಎಂದರೆ ಸೆಕೆಂಡಿಗೆ ಒಂದೂಕಾಲರಿಂದ ಒಂದೂವರೆ ಬಿಲ್ಲು. ಒಂದೊಂದೂ ಲಾಕನ್ನು 0.2 ಸೆಕೆಂಡ್ ಹಿಡಿದರೆ ಆ ಸಾಲು ಮುಕ್ಕಾಲು ಹೊತ್ತು ಖಾಲಿಯೇ ಇರುತ್ತದೆ. ಸೇವ್ ಒತ್ತಿದರೆ ಎರಡು ಸೆಕೆಂಡಿನಲ್ಲಿ ಬಿಲ್ಲು.

ಬ್ಯಾಚ್ ಟೆಸ್ಟಿನಲ್ಲೂ ತೊಂದರೆಯಿಲ್ಲ. ಕಾಂಟ್ರಾಕ್ಟ್ ಗ್ರಾಹಕರ 6,000 ಬಿಲ್ಲುಗಳು, ಒಂದಕ್ಕೆ 0.1 ಸೆಕೆಂಡಿನಂತೆ ಹತ್ತು ನಿಮಿಷದಲ್ಲಿ ಮುಗಿಯುತ್ತವೆ. ವೇಗಕ್ಕಾಗಿ ಪ್ರೋಗ್ರಾಮರ್ 500 ಬಿಲ್ಲಿಗೊಮ್ಮೆ ಕಮಿಟ್ ಮಾಡಿರುತ್ತಾರೆ. ಬ್ಯಾಚ್ ಒಂಟಿಯಾಗಿ ಓಡುವಾಗ ಅದು ಜಾಣತನವೇ.

ಎರಡನ್ನೂ ಒಟ್ಟಿಗೆ ಬಿಟ್ಟಾಗ ನೋಡಿ. ಬ್ಯಾಚ್ ನಂಬರಿನ ಸಾಲಿಗೆ ಲಾಕ್ ಹಾಕಿತೆಂದರೆ 500 ಬಿಲ್ಲು ಮುಗಿಯುವ ತನಕ, ಅಂದರೆ 50 ಸೆಕೆಂಡ್, ಬಿಡುವುದಿಲ್ಲ. ಅಷ್ಟರಲ್ಲಿ ಅರವತ್ತಕ್ಕೂ ಹೆಚ್ಚು ಕೌಂಟರುಗಳು ಸೇವ್ ಒತ್ತಿ ಕಾಯುತ್ತಿರುತ್ತವೆ. ಲಾಕ್ ಬಿಟ್ಟೊಡನೆ ಅವರ ಸಾಲು ಕರಗಲು ಹದಿಮೂರು ಸೆಕೆಂಡ್ ಬೇಕು. ಅಷ್ಟರಲ್ಲಿ ಬಂದವರು ಮತ್ತೆ ಬ್ಯಾಚಿನ ಹಿಂದೆ ಬೀಳುತ್ತಾರೆ. ಕೆಲವರಿಗೆ ಒಂದು ನಿಮಿಷದವರೆಗೂ ಪರದೆ ಸುತ್ತುತ್ತಲೇ ಇರುತ್ತದೆ. ‘ಸಿಸ್ಟಮ್ ಹ್ಯಾಂಗ್ ಆಗಿದೆ’ ಎಂದು ಡಿಪೋದಿಂದ ಫೋನ್ ಬರುವುದು ಆಗಲೇ.

ಇದನ್ನು ಗುರುತಿಸುವ ಬಗೆಯೇ ಲೋಡ್ ಟೆಸ್ಟಿನ ನಿಜವಾದ ಕಸುಬು. ಸರ್ವರಿನ ಸಿಪಿಯು ನೋಡಿದರೆ ಅದು ಆರಾಮಾಗಿರುತ್ತದೆ, ಮೆಮೊರಿಯೂ ಸಾಕಷ್ಟಿದೆ. ಯಂತ್ರಕ್ಕೆ ಕೆಲಸ ಕಡಿಮೆ, ಜನರಿಗೆ ಕಾಯುವುದು ಹೆಚ್ಚು. ಇವೆರಡೂ ಒಟ್ಟಿಗೆ ಕಂಡರೆ ಮೊದಲ ಅನುಮಾನ ಲಾಕಿನ ಮೇಲೆ ಬೀಳಬೇಕು. ಅದಕ್ಕೇ ಟೆಸ್ಟ್ ನಡೆಯುವಾಗ ಡೇಟಾಬೇಸ್ ನೋಡಿಕೊಳ್ಳುವವರು ಪಕ್ಕದಲ್ಲೇ ಕೂತು, ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂಬ ಪಟ್ಟಿಯನ್ನು ಆ ಗಳಿಗೆಯಲ್ಲೇ ತೆಗೆದಿಡಬೇಕು. ಟೆಸ್ಟ್ ಮುಗಿದಮೇಲೆ ಲಾಕ್‌ಗಳು ಕರಗಿ ಹೋಗಿರುತ್ತವೆ. ಹೀಗೆ ನೋಡದೆ ‘ಸರ್ವರ್ ಸಾಲದು’ ಎಂದು ಎರಡರಷ್ಟು ದೊಡ್ಡ ಯಂತ್ರ ತರಿಸಿದರೂ ಆ ಒಂದು ಸಾಲು ಒಂದೇ ಆಗಿರುತ್ತದೆ.

ಸರಾಸರಿಯನ್ನಂತೂ ನಂಬಲೇಬಾರದು. ಬ್ಯಾಚ್ ಓಡಿದ್ದು ಗಂಟೆಯಲ್ಲಿ ಹದಿಮೂರು ನಿಮಿಷ ಮಾತ್ರ, ಆದ್ದರಿಂದ ಇಡೀ ಗಂಟೆಯ ಸರಾಸರಿ 9 ಸೆಕೆಂಡಿನ ಆಸುಪಾಸು ಬರುತ್ತದೆ. ‘ಸ್ವಲ್ಪ ನಿಧಾನ, ಪರವಾಗಿಲ್ಲ’ ಎನಿಸುತ್ತದೆ. ನೂರಕ್ಕೆ ಐದು ಬಿಲ್ಲುಗಳು ಎಷ್ಟು ಕಾದವು ಎಂದು ಕೇಳಿದರೆ ಉತ್ತರ 50 ಸೆಕೆಂಡಿಗೂ ಮೇಲೆ. 4,800ರಲ್ಲಿ ನೂರಕ್ಕೆ ಐದು ಎಂದರೆ 240 ಬಿಲ್ಲು, ಬಹುತೇಕ ಅಷ್ಟೇ ಲಾರಿ. ಪಾಸು-ಫೇಲಿನ ಗೆರೆಯನ್ನು ಟೆಸ್ಟಿಗೆ ಮೊದಲೇ, ಬರವಣಿಗೆಯಲ್ಲಿ, ಈ ರೀತಿ ಹಾಕಿಕೊಳ್ಳಬೇಕು: ನೂರಕ್ಕೆ 95 ಬಿಲ್ಲು ಐದು ಸೆಕೆಂಡಿನೊಳಗೆ ಆಗಬೇಕು, ಎಲ್ಲ ಬ್ಯಾಚ್‌ಗಳೂ ಬೆಳಗ್ಗೆ ಆರರೊಳಗೆ ಮುಗಿದಿರಬೇಕು.

ಪರಿಹಾರ ಕಾನೂನಿನಲ್ಲೇ ಇದೆ. ಅದೇ ನಿಯಮ ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಲು ಬಿಡುತ್ತದೆ. ಡಿಪೋಗೊಂದು ಸರಣಿ, ಕಾಂಟ್ರಾಕ್ಟ್ ಬಿಲ್ಲಿಗೆ ಬೇರೆಯದೇ ಸರಣಿ ಮಾಡಿದರೆ ಬ್ಯಾಚು ಕೌಂಟರಿನ ದಾರಿಗೇ ಬರುವುದಿಲ್ಲ. ಆದರೆ ಜಿಎಸ್‌ಟಿಆರ್-1ರಲ್ಲಿ ಎಲ್ಲಿಂದ ಎಲ್ಲಿಯವರೆಗೆ ನಂಬರ್ ಬಳಸಿದಿರಿ ಎಂದು ಸರಣಿವಾರು ತೋರಿಸಬೇಕಾಗುತ್ತದೆ. ಆದ್ದರಿಂದ ಅಕೌಂಟ್ಸ್ ವಿಭಾಗ ಒಪ್ಪಬೇಕು, ಬಿಲ್ಲಿನ ಫಾರ್ಮ್ಯಾಟು ಬದಲಾಗಬೇಕು, ವರದಿಗಳನ್ನು ತಿದ್ದಬೇಕು. ಗೋ-ಲೈವ್‌ಗೆ ಒಂದು ವಾರ ಇರುವಾಗ ಇದಾಗುವ ಕೆಲಸವಲ್ಲ. ಒಟ್ಟಿಗಿನ ಟೆಸ್ಟನ್ನು ಆರರಿಂದ ಎಂಟು ವಾರ ಮೊದಲೇ ಇಟ್ಟುಕೊಳ್ಳಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಇದೇ ನಂಬರಿನ ಸಾಲಿಗೆ ಇನ್ನೊಂದು ಅಪಾಯವಿದೆ, ಅದನ್ನು ಟೆಸ್ಟೇ ಮುಚ್ಚಿಹಾಕಬಲ್ಲದು. ವಹಿವಾಟು 5 ಕೋಟಿ ದಾಟಿದ ಕಂಪನಿಗಳು 2023ರ ಆಗಸ್ಟ್‌ನಿಂದ ಬೇರೆ ವ್ಯಾಪಾರಿಗಳಿಗೆ ಕೊಡುವ ಬಿಲ್ಲನ್ನು ಇ-ಇನ್‌ವಾಯ್ಸ್ ಪೋರ್ಟಲಿಗೆ ಕಳಿಸಿ ಐಆರ್‌ಎನ್ ಎಂಬ ಗುರುತು ಪಡೆಯಬೇಕು. ಲೋಡ್ ಟೆಸ್ಟಿನಲ್ಲಿ ನಿಜವಾದ ಪೋರ್ಟಲಿಗೆ ಸಾವಿರಾರು ಸುಳ್ಳು ಬಿಲ್ಲು ಕಳಿಸುವಂತಿಲ್ಲ. ಅದರ ಬದಲಿಗೆ ಒಂದು ನಕಲಿ ಪೋರ್ಟಲ್ ಕಟ್ಟುತ್ತಾರೆ, ಅದು ಕೇಳಿದ ತಕ್ಷಣ ಉತ್ತರ ಕೊಟ್ಟುಬಿಡುತ್ತದೆ. ಪ್ರೋಗ್ರಾಮ್ ನಂಬರಿನ ಲಾಕ್ ಹಿಡಿದುಕೊಂಡೇ ಪೋರ್ಟಲಿನ ಉತ್ತರಕ್ಕೆ ಕಾಯುವಂತೆ ಬರೆದಿದ್ದರೆ ಆ ತಪ್ಪು ಇಲ್ಲಿ ಕಾಣುವುದೇ ಇಲ್ಲ. ನಿಜವಾದ ದಿನ ಉತ್ತರಕ್ಕೆ ಎರಡು ಸೆಕೆಂಡ್ ಹಿಡಿದರೂ ಒಂದು ಸರಣಿಯಲ್ಲಿ ಗಂಟೆಗೆ 1,800 ಬಿಲ್ಲಿಗಿಂತ ಹೆಚ್ಚು ಆಗಲಾರದು, ಬೇಕಾದದ್ದು 4,800. ಆದ್ದರಿಂದ ನಕಲಿ ಪೋರ್ಟಲಿಗೆ ಬೇಕೆಂದೇ ಒಂದೆರಡು ಸೆಕೆಂಡ್ ತಡ ಕೊಡಬೇಕು, ಆಗಾಗ ಅರ್ಧ ನಿಮಿಷ ಉತ್ತರವೇ ಬಾರದಂತೆಯೂ ಮಾಡಬೇಕು. ಬಿಲ್ಲನ್ನು ಮೊದಲು ಕಮಿಟ್ ಮಾಡಿ ಲಾಕ್ ಬಿಟ್ಟು, ಆಮೇಲೆ ಐಆರ್‌ಎನ್ ತರಿಸಿ ಪ್ರಿಂಟ್ ಕೊಡುವ ಕ್ರಮವೇ ಸರಿ.

ಪರೀಕ್ಷೆಯ ಜಾಗ ನಿಜವಾದ ಜಾಗದಂತಿರದಿದ್ದರೆ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಸಾಕ್ಷಿ. 2018ರ ಏಪ್ರಿಲ್‌ನಲ್ಲಿ ಅದು ತನ್ನ ಗ್ರಾಹಕರನ್ನು ಹೊಸ ವ್ಯವಸ್ಥೆಗೆ ಒಂದೇ ವಾರಾಂತ್ಯದಲ್ಲಿ ಸಾಗಿಸಿತು. ಆ ವ್ಯವಸ್ಥೆ ಎರಡು ಡೇಟಾ ಸೆಂಟರುಗಳಲ್ಲಿ ಏಕಕಾಲಕ್ಕೆ ನಡೆಯಬೇಕಿತ್ತು. ಲೋಡಿನ ಪರೀಕ್ಷೆ ನಡೆದದ್ದು ಒಂದರಲ್ಲಿ ಮಾತ್ರ ಎಂದು ಆಮೇಲಿನ ಸ್ವತಂತ್ರ ತನಿಖೆ ಹೇಳಿತು. ಲಕ್ಷಾಂತರ ಜನ ತಮ್ಮ ಖಾತೆಯನ್ನೇ ನೋಡಲಾಗದೆ ಒದ್ದಾಡಿದರು. 2022ರ ಡಿಸೆಂಬರಿನಲ್ಲಿ ನಿಯಂತ್ರಕರು ಹಾಕಿದ ದಂಡ 4.865 ಕೋಟಿ ಪೌಂಡ್.

ನಮ್ಮ ಕಂಪನಿಯ ಅಳತೆಯಲ್ಲಿ ಇದರರ್ಥ, ಟೆಸ್ಟಿನ ಡೇಟಾಬೇಸಿನಲ್ಲಿ ಹಳೆಯ ವರ್ಷಗಳ ಬಿಲ್ಲುಗಳು, ಗ್ರಾಹಕರು, ಸ್ಟಾಕ್ ಎಲ್ಲ ನಿಜವಾದ ಗಾತ್ರದಲ್ಲೇ ತುಂಬಿರಬೇಕು. 200 ನಕಲಿ ಬಳಕೆದಾರರೂ ಒಂದೇ ಗ್ರಾಹಕನಿಗೆ ಒಂದೇ ಮಾಲಿನ ಬಿಲ್ಲು ಹಾಕುತ್ತ ಕೂತರೆ ಇಲ್ಲದ ಜಾಮ್ ಕಾಣುತ್ತದೆ, ಇಲ್ಲವೇ ಎಲ್ಲವೂ ಮೆಮೊರಿಯಿಂದಲೇ ಸಿಕ್ಕಿ ಇಲ್ಲದ ವೇಗ ಕಾಣುತ್ತದೆ.

ಓಟ ಹೀಗಿರಲಿ. ಇಪ್ಪತ್ತು ನಿಮಿಷದಲ್ಲಿ ಮೆಲ್ಲಗೆ 200 ಜನರನ್ನು ಒಳಬಿಡಿ. ಅರ್ಧ ಗಂಟೆ ಹಾಗೇ ನಡೆಯಲಿ. ಅದು ಹೋಲಿಕೆಗೆ ಬೇಕು. ಆಮೇಲೆ ಕಾಂಟ್ರಾಕ್ಟ್ ಬಿಲ್ಲಿಂಗ್ ಶುರುಮಾಡಿ, ಅದರ ಹಿಂದೆ ಸ್ಟಾಕ್ ಮೌಲ್ಯ, ಅದರ ಹಿಂದೆ ರಾತ್ರಿಯ ಬ್ಯಾಕಪ್. ಒಂದೊಂದನ್ನೂ ಶುರುಮಾಡಿದ ಗಳಿಗೆ ಬರೆದಿಟ್ಟರೆ, ಬಿಲ್ಲಿನ ಹೊತ್ತು ಎಲ್ಲಿ ಜಿಗಿಯಿತೋ ಅಲ್ಲಿ ಯಾವ ಜಾಬ್ ಇತ್ತು ಎಂಬುದು ಗ್ರಾಫಿನಲ್ಲೇ ಕಾಣುತ್ತದೆ. ಒಂದು ತಡೆ ತೆಗೆದ ಮೇಲೆ ಮತ್ತೆ ಓಡಿಸಲೇಬೇಕು. ಅದರ ಹಿಂದೆ ಅಡಗಿದ್ದ ಇನ್ನೊಂದು ಆಗಷ್ಟೇ ಹೊರಬರುತ್ತದೆ.

ನಕಲಿ ಬಳಕೆದಾರರಿಂದ ತಿಳಿಯದ ಸಂಗತಿಗಳೂ ಇವೆ. ಅವರಿಗೆ ತಾಳ್ಮೆ ಬಹಳ. ಉತ್ತರ ಬರುವ ತನಕ ಸುಮ್ಮನೆ ಕಾಯುತ್ತಾರೆ, ಸರ್ವರ್ ನಿಧಾನವಾದಷ್ಟೂ ತಾವೂ ನಿಧಾನವಾಗಿ ಅದರ ಹೊರೆ ಇಳಿಸುತ್ತಾರೆ. ನಿಜವಾದ ಗುಮಾಸ್ತರು ಹತ್ತು ಸೆಕೆಂಡ್ ನೋಡಿ ಇನ್ನೊಮ್ಮೆ ಸೇವ್ ಒತ್ತುತ್ತಾರೆ, ಇನ್ನೊಂದು ವಿಂಡೋ ತೆರೆದು ಅದೇ ಬಿಲ್ಲನ್ನು ಮತ್ತೆ ಹಾಕುತ್ತಾರೆ. ಹೊರೆ ಎರಡರಷ್ಟಾಗುತ್ತದೆ, ಒಂದೇ ಲಾರಿಗೆ ಎರಡು ಬಿಲ್ಲೂ ಆಗಬಹುದು. ಆದ್ದರಿಂದ ಸ್ಕ್ರಿಪ್ಟಿನಲ್ಲಿ ಹತ್ತಕ್ಕೊಬ್ಬರಾದರೂ ಹೀಗೆ ಎರಡು ಸಲ ಒತ್ತುವಂತೆ ಬರೆಯಬೇಕು. ಟೆಸ್ಟ್ ಮುಗಿದಮೇಲೆ ಒಂದೇ ಚಲನ್ ನಂಬರಿಗೆ ಎರಡು ಬಿಲ್ಲಾಗಿವೆಯೇ ಎಂದು ಡೇಟಾಬೇಸಿನಲ್ಲಿ ಹುಡುಕಬೇಕು. ಒಂದು ಸಿಕ್ಕಿದರೂ, ವೇಗದ ಅಂಕಿಗಳು ಎಷ್ಟೇ ಚೆನ್ನಾಗಿರಲಿ, ಆ ಓಟ ಫೇಲು.