ಇಳಿದ ತೂಕ, ಇಳಿಯುವ ಒತ್ತಡ

ರಕ್ತದ ಒತ್ತಡವನ್ನು ಪಾದರಸದ ಮಿಲಿಮೀಟರುಗಳಲ್ಲಿ ಹೇಳುವ ವಾಡಿಕೆ ಇಂದಿಗೂ ಉಳಿದುಬಂದಿದೆ. ಪಾದರಸದ ಉಪಕರಣಗಳು ಆಸ್ಪತ್ರೆಗಳಿಂದ ಬಹುಮಟ್ಟಿಗೆ ಮರೆಯಾಗಿ, ಅಂಕಿಗಳನ್ನು ಬೆಳಗಿಸಿ ತೋರುವ ಯಂತ್ರಗಳು ಬಂದಿದ್ದರೂ ಮಾನವು ಬದಲಾಗಿಲ್ಲ. ವೈದ್ಯರು 140/90 ಎಂದು ಬರೆದರೆ, ಹೃದಯವು ಕುಗ್ಗಿ ರಕ್ತವನ್ನು ಹೊರದೂಡುವಾಗಿನ ಒತ್ತಡವು 140 ಮಿಲಿಮೀಟರ್ ಎತ್ತರದ ಪಾದರಸದ ಕಂಬವನ್ನು ಹೊರಬಲ್ಲದೆಂದೂ, ಹೃದಯವು ವಿರಮಿಸುವಾಗ ಅದು 90ಕ್ಕೆ ಇಳಿಯುವುದೆಂದೂ ಅರ್ಥ. ದೇಹದ ತೂಕವನ್ನಾದರೋ ನಾವು ಕಿಲೋಗ್ರಾಂಗಳಲ್ಲಿ ಅಳೆಯುತ್ತೇವೆ. ಸ್ಥೂಲಕಾಯರ ತೂಕ ಇಳಿದರೆ ಒತ್ತಡವೂ ಇಳಿಯುವುದೆಂದು ವೈದ್ಯರು ಹೇಳುತ್ತಾರಷ್ಟೆ. ಹಾಗಾದರೆ ಒಂದು ಕಿಲೋಗ್ರಾಮಿಗೆ ಎಷ್ಟು ಮಿಲಿಮೀಟರ್?

ಈ ಪ್ರಶ್ನೆಗೆ ಅಂಕಿಯಲ್ಲಿಯೇ ಉತ್ತರವುಂಟು. ತೂಕವಿಳಿಸುವ ಬಗ್ಗೆ ನಡೆದ 25 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದ ಒಂದು ಪರಿಶೀಲನೆ 2003ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಭಾಗವಹಿಸಿದವರು ಸುಮಾರು 4,900 ಮಂದಿ. ಸರಾಸರಿ 5 ಕಿಲೋಗ್ರಾಂ ತೂಕ ಇಳಿದಾಗ ಮೇಲಿನ ಅಂಕಿಯು ಸುಮಾರು 4.4 ಮಿಲಿಮೀಟರಿನಷ್ಟೂ ಕೆಳಗಿನ ಅಂಕಿಯು ಸುಮಾರು 3.6 ಮಿಲಿಮೀಟರಿನಷ್ಟೂ ಇಳಿದಿದ್ದವು. ಪ್ರಯೋಗಗಳನ್ನು ಹೋಲಿಸಿ ಲೆಕ್ಕಹಾಕಿದಾಗ, ಕಿಲೋಗ್ರಾಮಿಗೆ ಎರಡು ಅಂಕಿಗಳಲ್ಲಿಯೂ ಹೆಚ್ಚುಕಡಿಮೆ ಒಂದೊಂದು ಮಿಲಿಮೀಟರ್ ಎಂದಾಯಿತು. ಒತ್ತಡಕ್ಕೆ ಔಷಧಿ ಸೇವಿಸುತ್ತಿದ್ದವರಲ್ಲಿ ಇಳಿತವು ಇನ್ನೂ ಹೆಚ್ಚಾಗಿತ್ತು.

ಉದಾಹರಣೆಗೆ, 84 ಕಿಲೋಗ್ರಾಂ ತೂಕದ, 148/94 ಒತ್ತಡದ ಒಬ್ಬ ಗುಮಾಸ್ತರನ್ನು ಕಲ್ಪಿಸಿಕೊಳ್ಳೋಣ. ಆರು ತಿಂಗಳ ಮಿತಾಹಾರದಿಂದಲೂ ನಡಿಗೆಯಿಂದಲೂ ಅವರ ತೂಕ 78ಕ್ಕೆ ಇಳಿಯಿತೆನ್ನೋಣ. ಮೇಲಿನ ಲೆಕ್ಕದಂತೆ ಅವರ ಒತ್ತಡವು ಸುಮಾರು 142/88 ಆಗಬೇಕು. ಆದರೆ ಅವರು ಒಂದು ದಿನ ಯಂತ್ರವನ್ನು ಕಟ್ಟಿಕೊಂಡು ನೋಡಿದಾಗ 150 ಎಂದು ತೋರಿದರೆ ಆಶ್ಚರ್ಯಪಡಬೇಕಾದುದಿಲ್ಲ. ಮೆಟ್ಟಿಲು ಹತ್ತಿಬಂದುದು, ಕಾಫಿ ಕುಡಿದುದು, ಅಳೆಯುವಾಗ ಮಾತನಾಡಿದುದು, ಇವುಗಳಿಂದಲೇ ಒತ್ತಡವು ಎಂಟು ಹತ್ತು ಮಿಲಿಮೀಟರ್ ಮೇಲೆ ಕೆಳಗೆ ಆಗುತ್ತದೆ. ನಾವು ಹುಡುಕುತ್ತಿರುವ ಇಳಿತವಾದರೋ ಆರು ಮಿಲಿಮೀಟರ್ ಮಾತ್ರ! ಪ್ರಯೋಗಶಾಲೆಯಲ್ಲಿ ಲೋಲಕದ ಒಂದೇ ತೂಗಾಟವನ್ನು ಅಳೆಯದೆ ಇಪ್ಪತ್ತು ತೂಗಾಟಗಳನ್ನು ಅಳೆದು ಭಾಗಿಸುವಂತೆ, ಇಲ್ಲಿಯೂ ಒಂದು ವಾರ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ಅಳೆದು ಸರಾಸರಿ ತೆಗೆಯಬೇಕು. ತೂಕವಿಳಿಯುವ ಮೊದಲಿನ ಒಂದು ವಾರದ ಸರಾಸರಿಯನ್ನೂ ಅನಂತರದ ಒಂದು ವಾರದ ಸರಾಸರಿಯನ್ನೂ ಹೋಲಿಸಿದರೆ ಮಾತ್ರ ಇಳಿತವು ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಎಚ್ಚರಿಕೆಯೂ ಬೇಕು. ತೋಳಿಗೆ ಸುತ್ತುವ ಪಟ್ಟಿಯೊಳಗಿನ ಗಾಳಿಚೀಲವು ತೋಳಿನ ಸುತ್ತಳತೆಯ ಶೇಕಡ 80ರಷ್ಟನ್ನಾದರೂ ಆವರಿಸಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿಯನ್ನು ಕಟ್ಟಿದರೆ ಯಂತ್ರವು ನಿಜಕ್ಕಿಂತ ಹೆಚ್ಚಿನ ಒತ್ತಡವನ್ನು ತೋರುತ್ತದೆ. ತೂಕವಿಳಿದು ತೋಳು ಸಣ್ಣದಾದಾಗ ಅದೇ ಪಟ್ಟಿ ಸರಿಹೊಂದಿ, ಅಂಕಿಯು ತಾನಾಗಿ ಇಳಿದೀತು. ಅದು ಉಪಕರಣದ ದೋಷದ ಇಳಿತವೇ ಹೊರತು ರಕ್ತನಾಳಗಳದ್ದಲ್ಲ.

ತೂಕವೆಂದರೆ ಯಾವ ತೂಕ, ಎಂಬುದೇ ಈ ವಿಷಯದ ಸ್ವಾರಸ್ಯವಾದ ಭಾಗ. 2004ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ವೈದ್ಯರು ಹದಿನೈದು ಮಂದಿ ಸ್ಥೂಲಕಾಯದ ಮಹಿಳೆಯರ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಲೈಪೋಸಕ್ಷನ್ ಎಂಬ ಶಸ್ತ್ರಕ್ರಿಯೆಯಿಂದ ಅವರ ಹೊಟ್ಟೆಯ ಚರ್ಮದ ಅಡಿಯಲ್ಲಿದ್ದ ಕೊಬ್ಬನ್ನು ನಳಿಕೆಯ ಮೂಲಕ ಹೀರಿ ತೆಗೆಯಲಾಗಿತ್ತು. ಒಬ್ಬೊಬ್ಬರಿಂದ ತೆಗೆದುದು ಸುಮಾರು 10 ಕಿಲೋಗ್ರಾಂ. ಸೊಂಟದ ಸುತ್ತಳತೆ ಕಣ್ಣಿಗೆ ಕಾಣುವಂತೆ ಕುಗ್ಗಿತು. ನಮ್ಮ ಲೆಕ್ಕದಂತೆ ಒತ್ತಡವು ಹತ್ತು ಮಿಲಿಮೀಟರಿನಷ್ಟು ಇಳಿಯಬೇಕಾಗಿತ್ತಲ್ಲವೆ? ಹತ್ತು ಹನ್ನೆರಡು ವಾರಗಳ ತರುವಾಯ ಅಳೆದು ನೋಡಿದಾಗ ಅದು ಗಮನಾರ್ಹವಾಗಿ ಬದಲಾಗಿರಲೇ ಇಲ್ಲ.

ತಕ್ಕಡಿಗೆ ಎಲ್ಲ ಕೊಬ್ಬೂ ಒಂದೇ, ದೇಹಕ್ಕೆ ಹಾಗಲ್ಲ. ಸೊಂಟದಲ್ಲಿ ಎರಡು ಬಗೆಯ ಕೊಬ್ಬುಂಟು. ಬೆರಳುಗಳಿಂದ ಚಿವುಟಿ ಹಿಡಿಯಬಹುದಾದುದು ಚರ್ಮದ ಅಡಿಯದು. ಅದರ ಒಳಗೆ, ಸ್ನಾಯುಗಳ ಗೋಡೆಯಿಂದಾಚೆ, ಕರುಳುಗಳ ಮತ್ತು ಮೂತ್ರಪಿಂಡಗಳ ಸುತ್ತ ತುಂಬಿಕೊಳ್ಳುವುದು ಎರಡನೆಯದು. ಇದನ್ನು ಒಳಗೊಬ್ಬೆಂದು ಕರೆಯೋಣ. ಲೈಪೋಸಕ್ಷನ್ನಿನ ನಳಿಕೆ ಇದನ್ನು ಮುಟ್ಟುವುದಿಲ್ಲ. ಆಹಾರ ಕಡಿಮೆಯಾಗಿ ಶ್ರಮ ಹೆಚ್ಚಿದಾಗ ದೇಹವು ಇದನ್ನು ಬೇಗನೆ ಕರಗಿಸಿಕೊಳ್ಳುತ್ತದೆ. ಜಪಾನಿನ ಸಂಶೋಧಕರು 1996ರಲ್ಲಿ, ಅಧಿಕ ಒತ್ತಡವಿದ್ದ ಸ್ಥೂಲಕಾಯದ ಮಹಿಳೆಯರ ಹೊಟ್ಟೆಯ ಅಡ್ಡಕೊಯ್ತದ ಚಿತ್ರಗಳನ್ನು ಕ್ಷ-ಕಿರಣಗಳಿಂದ ತೆಗೆದು ಹೋಲಿಸಿದರು. ಒತ್ತಡದ ಇಳಿತವು ಒಟ್ಟು ತೂಕದ ಇಳಿತಕ್ಕಿಂತ ಒಳಗೊಬ್ಬಿನ ಇಳಿತದೊಡನೆ ಹೆಚ್ಚು ಹೊಂದಿಕೊಂಡಿತ್ತು.

ಇದರ ಕಾರಣವನ್ನು ಮೂತ್ರಪಿಂಡದಲ್ಲಿ ಹುಡುಕಬೇಕು. ವಿದ್ಯುನ್ಮಂಡಲದಲ್ಲಿ ಪ್ರವಾಹವನ್ನು ರೋಧದಿಂದ ಗುಣಿಸಿದರೆ ವೋಲ್ಟೇಜು ಬರುವಂತೆ, ರಕ್ತದ ಹರಿವನ್ನು ನಾಳಗಳ ತಡೆಯಿಂದ ಗುಣಿಸಿದರೆ ಒತ್ತಡವು ಬರುತ್ತದೆ. ಈ ಮಂಡಲದಲ್ಲಿ ದ್ರವದ ಪ್ರಮಾಣವನ್ನು ತಿಂಗಳುಗಟ್ಟಲೆ ಕಾಯ್ದುಕೊಂಡು ಬರುವುದು ಮೂತ್ರಪಿಂಡ. ಒತ್ತಡವೇರಿದರೆ ಅದು ಉಪ್ಪನ್ನೂ ನೀರನ್ನೂ ಹೆಚ್ಚಾಗಿ ಹೊರಹಾಕಿ ಒತ್ತಡವನ್ನು ತಗ್ಗಿಸುತ್ತದೆ. ಒಳಗೊಬ್ಬು ಬೆಳೆದಾಗ ಮೂತ್ರಪಿಂಡವನ್ನು ಹೊರಗಿನಿಂದ ಒತ್ತುತ್ತದೆ. ಕೊಬ್ಬಿನ ಕಣಗಳು ಸುರಿಸುವ ರಾಸಾಯನಿಕಗಳು ನರಗಳನ್ನು ಕೆರಳಿಸಿ ನಾಳಗಳನ್ನು ಬಿಗಿಗೊಳಿಸುತ್ತವೆ, ಉಪ್ಪನ್ನು ಹಿಡಿದಿಡುವಂತೆ ಮೂತ್ರಪಿಂಡವನ್ನು ಪ್ರೇರಿಸುತ್ತವೆ. ಫಲವಾಗಿ, ಹಿಂದಿನಷ್ಟೇ ಉಪ್ಪನ್ನು ಹೊರಹಾಕಲು ಅದಕ್ಕೆ ಹಿಂದಿಗಿಂತ ಹೆಚ್ಚಿನ ಒತ್ತಡ ಬೇಕಾಗುತ್ತದೆ. ಒಳಗೊಬ್ಬು ಕರಗಿದಂತೆ ಈ ಭಾರವು ಸಡಿಲವಾಗುತ್ತದೆ.

ಮನೆಯಲ್ಲಿ ಅಡ್ಡಕೊಯ್ತದ ಚಿತ್ರ ತೆಗೆಯಲಾಗದು. ದರ್ಜಿಯ ಟೇಪು ಇದ್ದೇ ಇದೆ. ಕೊನೆಯ ಪಕ್ಕೆಲುಬಿನ ಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟ ಕ್ಷಣದಲ್ಲಿ, ಟೇಪನ್ನು ಬಿಗಿಯದೆ ನೆಲಕ್ಕೆ ಸಮಾಂತರವಾಗಿ ಸುತ್ತಬೇಕು. ಲುಂಗಿ ಅಥವಾ ಪ್ಯಾಂಟು ಕಟ್ಟುವ ಸ್ಥಳದಲ್ಲಿ ಅಳೆದರೆ ಬೊಜ್ಜಿನ ಕೆಳಗೆ ಅಳೆದಂತಾಗಿ ಸುಳ್ಳು ಸಮಾಧಾನ ಸಿಕ್ಕೀತು. ಭಾರತೀಯರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಹೆಚ್ಚೆಂದು ಎಣಿಸುತ್ತಾರೆ. ಆದರೆ ಟೇಪಿಗೆ ಎರಡು ಕೊಬ್ಬುಗಳನ್ನು ಬೇರ್ಪಡಿಸಿ ನೋಡುವ ಶಕ್ತಿಯಿಲ್ಲವಾದ ಕಾರಣ, ಸೆಂಟಿಮೀಟರಿಗೆ ಇಷ್ಟು ಮಿಲಿಮೀಟರ್ ಎಂಬ ಲೆಕ್ಕವನ್ನು ನಾವು ಇಲ್ಲಿ ಕೊಡಲಾರೆವು.

ಇಳಿದ ಒತ್ತಡವು ಹಾಗೆಯೇ ನಿಲ್ಲುವುದೆ? ಪಥ್ಯದ ಮೊದಲ ವಾರದಲ್ಲಿ ಇಳಿಯುವ ತೂಕದಲ್ಲಿ ನೀರಿನ ಪಾಲೇ ದೊಡ್ಡದು. ಉಪ್ಪೂ ಅದರೊಡನೆ ಹೋಗುವುದರಿಂದ ಒತ್ತಡವು ಬೇಗನೆ ತಗ್ಗುತ್ತದೆ. ತೂಕವು ಒಂದೆಡೆ ನಿಂತ ಮೇಲೆ ಈ ಇಳಿತದ ಒಂದು ಭಾಗ ಹಿಂದಿರುಗುತ್ತದೆ. ವರ್ಷಗಟ್ಟಲೆ ನಡೆದ ಅಧ್ಯಯನಗಳನ್ನು ಕೂಡಿಸಿ ನೋಡಿದವರಿಗೆ 10 ಕಿಲೋಗ್ರಾಮಿಗೆ ಮೇಲಿನ ಅಂಕಿಯಲ್ಲಿ ಆರು ಮಿಲಿಮೀಟರ್ ಮಾತ್ರ ದೊರೆಯಿತು. ಅಮೆರಿಕದಲ್ಲಿ ಸುಮಾರು 1,200 ಮಂದಿಯ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪಥ್ಯದ ಗುಂಪಿನವರ ತೂಕವು ಆರು ತಿಂಗಳಲ್ಲಿ 4.4 ಕಿಲೋಗ್ರಾಂ ಇಳಿದಿತ್ತು. ಮೂರು ವರ್ಷಗಳ ಕೊನೆಗೆ ಅದು ಬಹುತೇಕ ಹಿಂದಿರುಗಿತ್ತು. ಪಥ್ಯವಿಲ್ಲದ ಗುಂಪಿಗಿಂತ ಮೊದಲು 3.7 ಮಿಲಿಮೀಟರ್ ಕಡಿಮೆಯಿದ್ದ ಮೇಲಿನ ಒತ್ತಡದ ಅಂತರವೂ 1.3ಕ್ಕೆ ಕುಗ್ಗಿತು. ಅದೇ ಗುಂಪಿನಲ್ಲಿ ಇಳಿದ ನಾಲ್ಕೂವರೆ ಕಿಲೋಗ್ರಾಮನ್ನು ಉಳಿಸಿಕೊಂಡ ಕೆಲವರಿಗೆ ಅಧಿಕ ಒತ್ತಡದ ಕಾಯಿಲೆ ತಗಲುವ ಸಂಭವವು ಪಥ್ಯವಿಲ್ಲದವರಿಗಿಂತ ಸುಮಾರು ಮೂರರಲ್ಲಿ ಎರಡು ಪಾಲು ಕಡಿಮೆಯಾಗಿತ್ತು.

ಔಷಧಿ ಸೇವಿಸುತ್ತಿರುವವರು ತೂಕವಿಳಿಸಿದಾಗ ಹಳೆಯ ಮಾತ್ರೆಯ ಪ್ರಮಾಣವೇ ಹೆಚ್ಚಾಗಿಬಿಡುವುದುಂಟು. ಕುಳಿತಲ್ಲಿಂದ ಎದ್ದಾಗ ತಲೆಸುತ್ತು ಬರುವುದು ಅದರ ಗುರುತು. ಅಂಥವರು ಮಾತ್ರೆಯನ್ನು ತಾವೇ ನಿಲ್ಲಿಸದೆ, ವಾರದ ಅಳತೆಗಳನ್ನು ಬರೆದಿಟ್ಟ ಹಾಳೆಯೊಡನೆ ವೈದ್ಯರನ್ನು ಕಾಣತಕ್ಕದ್ದು.