ಕೇಂದ್ರವು ಮೂಲಬಿಂದುವಲ್ಲದಾಗ ಆಕೃತಿಯನ್ನು ತಿರುಗಿಸುವುದು ಹೇಗೆ?

ಬೆಂಗಳೂರಿನಲ್ಲಿ ಮೂವತ್ತು–ನಲವತ್ತರ ಸೈಟಿಗೆ ಮನೆಯ ನಕ್ಷೆ ಬರೆಯುವವರು ಆಟೋಕ್ಯಾಡ್‌ನಲ್ಲಿ ಮೆಟ್ಟಿಲನ್ನೋ ಬಚ್ಚಲಮನೆಯನ್ನೋ ತಿರುಗಿಸಬೇಕಾದಾಗ `ROTATE` ಎಂದು ಟೈಪ್ ಮಾಡುತ್ತಾರೆ. ಏನನ್ನು ತಿರುಗಿಸಬೇಕೆಂದು ಆರಿಸಿದ ಮೇಲೆ ಪರದೆಯಲ್ಲಿ ಬರುವ ಪ್ರಶ್ನೆ `Specify base point:`. ಯಾವ ಬಿಂದುವಿನ ಸುತ್ತ ತಿರುಗಿಸಲಿ ಎಂದು ತಂತ್ರಾಂಶ ಮೊದಲು ಕೇಳುತ್ತದೆ. ಎಷ್ಟು ಡಿಗ್ರಿ ಎಂದು ಕೇಳುವುದು ಅದಾದ ನಂತರ. ಮೆಟ್ಟಿಲಿನ ಒಂದು ಮೂಲೆಯನ್ನು ಕೇಂದ್ರವಾಗಿಟ್ಟು 90 ಡಿಗ್ರಿ ತಿರುಗಿಸಿದರೆ ಅದು ಒಂದು ಜಾಗದಲ್ಲಿ ಕೂರುತ್ತದೆ. ಎದುರಿನ ಮೂಲೆಯನ್ನು ಕೇಂದ್ರವಾಗಿಟ್ಟು ಅಷ್ಟೇ ತಿರುಗಿಸಿದರೆ ಬೇರೊಂದು ಜಾಗದಲ್ಲಿ, ಕೆಲವೊಮ್ಮೆ ಗೋಡೆಯ ಆಚೆಗೇ ಹೋಗಿ ಕೂರುತ್ತದೆ.

ತಂತ್ರಾಂಶ ಕಣ್ಣಿಗೆ ಕಾಣದಂತೆ ಮಾಡುವ ಈ ಲೆಕ್ಕವನ್ನು ಕಾಗದದ ಮೇಲೂ ಮಾಡಬಹುದು. ಅದಕ್ಕೆ ಬೇಕಾಗುವುದು ಕೂಡುವುದು, ಕಳೆಯುವುದು ಮತ್ತು ಒಂದು ಚಿಕ್ಕ ಸೂತ್ರ.

ಸೂತ್ರ ಇದು: ಮೂಲಬಿಂದುವಿನ ಸುತ್ತ, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ 90 ಡಿಗ್ರಿ ತಿರುಗಿಸಿದರೆ (x, y) ಎಂಬ ಬಿಂದು (−y, x) ಆಗುತ್ತದೆ. ಇದನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಮೂಲಬಿಂದುವಿನಿಂದ ಬಲಕ್ಕೆ 2, ಮೇಲಕ್ಕೆ 1 ನಡೆದರೆ (2, 1) ಸಿಗುತ್ತದೆ. ಈಗ ಇಡೀ ಹಾದಿಯನ್ನೇ ಎಡಕ್ಕೆ ಕಾಲು ಸುತ್ತು ತಿರುಗಿಸಿದೆವೆನ್ನಿ. ಬಲಕ್ಕೆ ಇದ್ದ ನಡಿಗೆ ಮೇಲಕ್ಕಾಗುತ್ತದೆ, ಮೇಲಕ್ಕೆ ಇದ್ದದ್ದು ಎಡಕ್ಕಾಗುತ್ತದೆ. ಅಂದರೆ ಮೇಲಕ್ಕೆ 2, ಎಡಕ್ಕೆ 1. ತಲುಪಿದ ಜಾಗ (−1, 2). ಸಂಖ್ಯೆಗಳೆರಡೂ ಜಾಗ ಬದಲಿಸುವುದಕ್ಕೂ ಒಂದರ ಚಿಹ್ನೆ ಬದಲಾಗುವುದಕ್ಕೂ ಇದೇ ಕಾರಣ.

ಈ ವಿವರಣೆಯಲ್ಲಿ ನಡಿಗೆ ಶುರುವಾದದ್ದು ಮೂಲಬಿಂದುವಿನಿಂದ. ಆದ್ದರಿಂದಲೇ ಸೂತ್ರವೂ ಅಲ್ಲಿಗಷ್ಟೇ ಸಲ್ಲುತ್ತದೆ. ಕೇಂದ್ರ ಬೇರೆ ಕಡೆ ಇದ್ದರೆ ನಡಿಗೆಯನ್ನು ಆ ಕೇಂದ್ರದಿಂದಲೇ ಅಳೆಯಬೇಕು. ತಿರುಗುವುದು ಕೇಂದ್ರದಿಂದ ಬಿಂದುವಿಗಿರುವ ಅಂತರ. ಬಿಂದುವಿನ ನಿರ್ದೇಶಾಂಕಗಳನ್ನು ಹಾಗೆಯೇ ಸೂತ್ರಕ್ಕೆ ಹಾಕುವಂತಿಲ್ಲ. ಇದಿಷ್ಟು ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಕೈಲೆಕ್ಕ.

ಒಂದು ತ್ರಿಭುಜವನ್ನು ತೆಗೆದುಕೊಳ್ಳೋಣ. ಅದರ ಶೃಂಗಗಳು A(5, 3), B(8, 3), C(8, 5). ಇದನ್ನು P(3, 2) ಎಂಬ ಬಿಂದುವಿನ ಸುತ್ತ, ಗಡಿಯಾರದ ವಿರುದ್ಧ ದಿಕ್ಕಿನಲ್ಲಿ 90 ಡಿಗ್ರಿ ತಿರುಗಿಸಬೇಕು. ಚೌಕಳಿ ಹಾಳೆಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಲೆಕ್ಕದ ಜೊತೆಗೆ ಚಿತ್ರವೂ ಸಾಗುತ್ತದೆ.

ಮೊದಲ ಹೆಜ್ಜೆಯಲ್ಲಿ ಪ್ರತಿ ಶೃಂಗದಿಂದ ಕೇಂದ್ರವನ್ನು ಕಳೆಯಬೇಕು. Aಯ 5ರಿಂದ 3 ಕಳೆದರೆ 2, ಅದರ 3ರಿಂದ 2 ಕಳೆದರೆ 1. ಅಂದರೆ P ಇಂದ A ಗೆ ಹೋಗಲು ಬಲಕ್ಕೆ 2, ಮೇಲಕ್ಕೆ 1 ನಡೆಯಬೇಕು. ಹೀಗೆಯೇ Bಯ ಅಂತರ (5, 1), Cಯ ಅಂತರ (5, 3). ಇಡೀ ಚಿತ್ರವನ್ನು P ಮೂಲಬಿಂದುವಿನ ಮೇಲೆ ಬರುವಂತೆ ಸರಿಸಿದ್ದೇವೆ ಎಂದೂ ಇದನ್ನು ನೋಡಬಹುದು.

ಎರಡನೆಯದು ತಿರುಗಿಸುವ ಹೆಜ್ಜೆ. ಅಂತರಗಳಿಗೆ ಸೂತ್ರವನ್ನು ಅನ್ವಯಿಸಿದರೆ (2, 1) ಎಂಬುದು (−1, 2) ಆಗುತ್ತದೆ, (5, 1) ಎಂಬುದು (−1, 5), (5, 3) ಎಂಬುದು (−3, 5).

ಮೂರನೆಯ ಹೆಜ್ಜೆಯಲ್ಲಿ, ಕಳೆದಿದ್ದ ಕೇಂದ್ರವನ್ನು ಮರಳಿ ಕೂಡಬೇಕು. (−1, 2) ಗೆ (3, 2) ಕೂಡಿದರೆ A′(2, 4). ಉಳಿದೆರಡು B′(2, 7) ಮತ್ತು C′(0, 7). ಉತ್ತರ ಇಷ್ಟೇ. ಅಡ್ಡಡ್ಡವಾಗಿ ಮಲಗಿದ್ದ 3 ಮಾನದ AB ಬಾಹು ಈಗ ನೆಟ್ಟಗೆ ನಿಂತಿದೆ.

ತಪ್ಪುಗಳು ಹೆಚ್ಚಾಗಿ ಈ ಮೂರನೆಯ ಹೆಜ್ಜೆಯಲ್ಲೇ ಆಗುತ್ತವೆ. ತಿರುಗಿಸಿದ್ದಾಯಿತು, ಉತ್ತರ ಬಂತು ಎಂದು ಅಲ್ಲಿಗೇ ಪೆನ್ನು ಇಳಿಸಿದರೆ ಸಿಗುವ ತ್ರಿಭುಜ (−1, 2), (−1, 5), (−3, 5). ಕೇಂದ್ರವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮೂಲ ಸಂಖ್ಯೆಗಳಿಗೆ ನೇರವಾಗಿ ಸೂತ್ರ ಹಾಕುವವರಿಗೆ (−3, 5), (−3, 8), (−5, 8) ಸಿಗುತ್ತದೆ. ಎರಡೂ ತಪ್ಪು, ಆದರೆ ಎರಡೂ ನೋಡಲು ಸರಿಯಾಗಿಯೇ ಕಾಣುತ್ತವೆ. ಬಾಹುಗಳ ಉದ್ದವೂ ಸರಿ, ಲಂಬಕೋನವೂ ಸರಿ, ತಿರುಗಿ ನಿಂತ ಭಂಗಿಯೂ ಸರಿ. ಹಾಗಾಗಿ ತ್ರಿಭುಜದ ಬಾಹುಗಳನ್ನು ಅಳೆದು ಉತ್ತರ ಸರಿಯಿದೆ ಎಂದು ತೀರ್ಮಾನಿಸುವುದು ಸಾಲದು.

ನಂಬಬಹುದಾದ ಪರೀಕ್ಷೆ ಕೇಂದ್ರದಿಂದ ಅಳೆಯುವುದು. ತಿರುಗುವ ಮೊದಲು P ಇಂದ A ಗಿದ್ದ ದೂರದ ವರ್ಗ 2² + 1² = 5. ತಿರುಗಿದ ಮೇಲೆ P ಇಂದ A′ ಗೆ ಇರುವ ದೂರದ ವರ್ಗ (−1)² + 2² = 5. ಎರಡೂ ಒಂದೇ. ಮರಳಿ ಕೂಡಲು ಮರೆತವರ (−1, 2) ಬಿಂದು P ಇಂದ ಸರಿಯಾಗಿ 4 ಮಾನ ದೂರದಲ್ಲಿದೆ, ಅದರ ವರ್ಗ 16. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಈ ಪರೀಕ್ಷೆಗೂ ಸಿಗದ ಒಂದು ತಪ್ಪಿದೆ. ಸಂಖ್ಯೆಗಳ ಜಾಗ ಬದಲಿಸಿ ಚಿಹ್ನೆ ಬದಲಿಸುವುದನ್ನು ಮರೆತರೆ ಅಂತರಗಳು (1, 2), (1, 5), (3, 5) ಆಗುತ್ತವೆ. ಕೇಂದ್ರದಿಂದ ದೂರ ಸರಿ, ಬಾಹುಗಳೂ ಸರಿ. ಆದರೂ ಇದು ತಿರುಗಿದ ಆಕೃತಿಯಲ್ಲ, ಕನ್ನಡಿಯಲ್ಲಿ ಕಂಡ ಆಕೃತಿ. ಮೂಲ ತ್ರಿಭುಜದ ಮೇಲೆ A ಇಂದ B ಗೆ, ಅಲ್ಲಿಂದ C ಗೆ ಬೆರಳಾಡಿಸಿದರೆ B ಯಲ್ಲಿ ಬೆರಳು ಎಡಕ್ಕೆ ಹೊರಳುತ್ತದೆ. ಸರಿಯಾದ ಉತ್ತರದಲ್ಲೂ ಎಡಕ್ಕೇ ಹೊರಳುತ್ತದೆ. ಈ ತಪ್ಪು ಉತ್ತರದಲ್ಲಿ ಬಲಕ್ಕೆ ಹೊರಳುತ್ತದೆ. ಎಷ್ಟೇ ತಿರುಗಿಸಿದರೂ ಆಕೃತಿಯ ಎಡ–ಬಲ ಅದಲುಬದಲಾಗುವುದಿಲ್ಲ. ಅದಲುಬದಲಾಗಿದ್ದರೆ ಚಿಹ್ನೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಮೂಲಬಿಂದುವಿನ ಸುತ್ತ ತಿರುಗಿಸಿದವರ ತಪ್ಪು ಉತ್ತರವನ್ನು ಇನ್ನೊಮ್ಮೆ ನೋಡಬೇಕು, ಅದರಲ್ಲಿ ಸೊಗಸಾದ ಸಂಗತಿಯೊಂದು ಅಡಗಿದೆ. ಅವರ A′ (−3, 5), ಸರಿಯಾದ A′ (2, 4). ವ್ಯತ್ಯಾಸ (5, −1). B′ ಗಳ ನಡುವಿನ ವ್ಯತ್ಯಾಸವೂ (5, −1), C′ ಗಳದ್ದೂ ಅದೇ. ಎರಡು ಉತ್ತರಗಳೂ ಒಂದೇ ಭಂಗಿಯಲ್ಲಿರುವ ಒಂದೇ ತ್ರಿಭುಜ, ಒಂದು ಇನ್ನೊಂದರಿಂದ ಬಲಕ್ಕೆ 5, ಕೆಳಕ್ಕೆ 1 ಸರಿದಿದೆ ಅಷ್ಟೆ. ಈ (5, −1) ಆಕಸ್ಮಿಕವಾಗಿ ಬಂದದ್ದಲ್ಲ. ಕೇಂದ್ರವಾದ (3, 2) ಅನ್ನೇ ಮೂಲಬಿಂದುವಿನ ಸುತ್ತ ತಿರುಗಿಸಿದರೆ (−2, 3). ಅದನ್ನು (3, 2) ಇಂದ ಕಳೆದರೆ ಸಿಗುವುದೇ (5, −1). ಆಕೃತಿ ಯಾವ ಭಂಗಿಯಲ್ಲಿ ನಿಲ್ಲಬೇಕೆಂಬುದನ್ನು ಕೋನ ನಿರ್ಧರಿಸುತ್ತದೆ, ಎಲ್ಲಿ ನಿಲ್ಲಬೇಕೆಂಬುದನ್ನು ಕೇಂದ್ರ ನಿರ್ಧರಿಸುತ್ತದೆ. ನಕ್ಷೆಯ ಮೆಟ್ಟಿಲು ಗೋಡೆಯಾಚೆ ಹೋಗಿ ಕೂತರೂ ಸರಿಯಾದ ದಿಕ್ಕಿಗೇ ಮುಖಮಾಡಿರುತ್ತದೆ. ಅದನ್ನು ಎಳೆದು ತಂದು ಜಾಗಕ್ಕೆ ಕೂರಿಸಿದರೆ ಸಾಕು.

ಕೋನ 90 ಡಿಗ್ರಿ ಅಲ್ಲದಿದ್ದರೂ ಮೂರು ಹೆಜ್ಜೆಗಳು ಹಾಗೇ ಉಳಿಯುತ್ತವೆ. ನಡುವಿನ ಸೂತ್ರ ಮಾತ್ರ ಬದಲಾಗುತ್ತದೆ. 180 ಡಿಗ್ರಿಗೆ ಎರಡೂ ಚಿಹ್ನೆಗಳನ್ನು ಬದಲಿಸಿದರಾಯಿತು. 60 ಡಿಗ್ರಿಯಂಥ ಕೋನಕ್ಕೆ ಅಂತರ (x, y) ಎಂಬುದು (x cos θ − y sin θ, x sin θ + y cos θ) ಆಗುತ್ತದೆ. Aಯ ಅಂತರ (2, 1) ಆಗ ಸುಮಾರು (0.134, 2.232). ಕೇಂದ್ರವನ್ನು ಕೂಡಿದರೆ (3.134, 4.232).

ಕಂಪ್ಯೂಟರ್ ಪರದೆಗೆ ಬಂದಾಗ ಒಂದು ಎಚ್ಚರಿಕೆ ಅಗತ್ಯ. ವೆಬ್ ಪುಟಗಳಲ್ಲಿ ಬಳಸುವ SVG ಚಿತ್ರಗಳಲ್ಲಿ `rotate(90 3 2)` ಎಂದು ಬರೆದರೆ (3, 2) ಬಿಂದುವಿನ ಸುತ್ತ 90 ಡಿಗ್ರಿ ಎಂದರ್ಥ. ಕೇಂದ್ರವನ್ನು ಬಿಟ್ಟು `rotate(90)` ಎಂದಷ್ಟೇ ಬರೆದರೆ ಅದು ಮೂಲಬಿಂದುವಿನ ಸುತ್ತಲೇ ತಿರುಗಿಸುತ್ತದೆ. ಪರದೆಯಲ್ಲಿ ಮೂಲಬಿಂದು ಸಾಮಾನ್ಯವಾಗಿ ಎಡ ಮೇಲಿನ ಮೂಲೆಯಲ್ಲಿರುವುದರಿಂದ ಚಿತ್ರ ಹಾರಿ ಪರದೆಯಿಂದಲೇ ಆಚೆ ಹೋಗಬಹುದು. ಇದಲ್ಲದೆ ಅಲ್ಲಿ y ಬೆಲೆ ಕೆಳಕ್ಕೆ ಹೋದಂತೆ ಹೆಚ್ಚುತ್ತದೆ. ನಮ್ಮ ಲೆಕ್ಕದ ಸಂಖ್ಯೆಗಳೇ ಬರುತ್ತವೆ, A′ (2, 4) ಆಗಿಯೇ ಇರುತ್ತದೆ, ಆದರೆ ಕಣ್ಣಿಗೆ ಅದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ತಿರುಗಿದಂತೆ ಕಾಣುತ್ತದೆ. ಆಟೋಕ್ಯಾಡ್ ಮಾತ್ರ ಶಾಲೆಯ ಗಣಿತದಂತೆಯೇ, ಬೇರೆ ಸೂಚನೆ ಕೊಡದಿದ್ದರೆ, ಧನ ಕೋನವನ್ನು ಗಡಿಯಾರದ ವಿರುದ್ಧ ದಿಕ್ಕೆಂದು ಎಣಿಸುತ್ತದೆ.

ವೆಬ್ ಪುಟದ ಕ್ಯಾನ್ವಾಸ್‌ನಲ್ಲಿ ಚಿತ್ರ ಬರೆಯುವವರು ಈ ಮೂರು ಹೆಜ್ಜೆಗಳನ್ನೂ ತಾವೇ ಬರೆಯಬೇಕು:

```
ctx.translate(3, 2);
ctx.rotate(Math.PI / 2);
ctx.translate(-3, -2);
```

ಕೂಡುವುದು ಮೊದಲು, ಕಳೆಯುವುದು ಕೊನೆಗೆ ಇರುವುದನ್ನು ಕಂಡು ಹೊಸಬರು ಸಾಲುಗಳನ್ನು ಅದಲುಬದಲು ಮಾಡಿಬಿಡುತ್ತಾರೆ. ಹಾಗೆ ಮಾಡಬಾರದು. ಈ ಸಾಲುಗಳ ನಂತರ ಬರೆಯುವ ಚಿತ್ರಕ್ಕೆ ಅತ್ಯಂತ ಹತ್ತಿರದ ಸಾಲು ಮೊದಲು ಅನ್ವಯವಾಗುತ್ತದೆ. ಆದ್ದರಿಂದ ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕಳೆ, ತಿರುಗಿಸು, ಕೂಡು.

ಕೆಲವೊಮ್ಮೆ ಪ್ರಶ್ನೆ ತಲೆಕೆಳಗಾಗಿರುತ್ತದೆ. ತಿರುಗುವ ಮುಂಚಿನ ಮತ್ತು ನಂತರದ ಆಕೃತಿಗಳೆರಡೂ ಮುಂದಿವೆ, ಕೇಂದ್ರ ಯಾವುದೆಂದು ಮಾತ್ರ ತಿಳಿಯದು. ಕೇಂದ್ರವು A ಮತ್ತು A′ ಎರಡರಿಂದಲೂ ಸಮದೂರದಲ್ಲಿರುವುದರಿಂದ ಅದು AA′ ರೇಖಾಖಂಡದ ಲಂಬಾರ್ಧಕದ ಮೇಲೆಯೇ ಇರಬೇಕು. ನಮ್ಮ ತ್ರಿಭುಜದಲ್ಲಿ A(5, 3) ಮತ್ತು A′(2, 4) ನಡುವಿನ ಮಧ್ಯಬಿಂದು (3.5, 3.5), AA′ ನ ಇಳಿಜಾರು −1/3. ಹಾಗಾಗಿ ಲಂಬಾರ್ಧಕದ ಇಳಿಜಾರು 3, ಸಮೀಕರಣ y = 3x − 7. C(8, 5) ಮತ್ತು C′(0, 7) ಜೋಡಿಗೆ ಹೀಗೆಯೇ ಮಾಡಿದರೆ y = 4x − 10. ಎರಡೂ ರೇಖೆಗಳು ಸೇರುವಲ್ಲಿ 3x − 7 = 4x − 10, ಅಂದರೆ x = 3, y = 2. ನಾವು ಹೊರಟ P ಬಿಂದುವೇ ಮರಳಿ ಸಿಕ್ಕಿತು.

ಎರಡು ಲಂಬಾರ್ಧಕಗಳು ಒಂದರ ಮೇಲೊಂದು ಬಿದ್ದರೆ ಬೇರೆ ಶೃಂಗದ ಜೋಡಿಯನ್ನು ತೆಗೆದುಕೊಳ್ಳಬೇಕು. ಎಡ–ಬಲ ಬದಲಾಗದ ಆಕೃತಿಯಲ್ಲಿ ಅವು ಎಲ್ಲಿಯೂ ಸೇರದೆ ಸಮಾಂತರವಾಗಿ ಸಾಗಿದರೆ ಅಲ್ಲಿ ಹುಡುಕಲು ಕೇಂದ್ರವೇ ಇಲ್ಲ, ಆ ಆಕೃತಿ ತಿರುಗದೆ ಬರೀ ಪಕ್ಕಕ್ಕೆ ಸರಿದಿರುತ್ತದೆ.