ಮಗುವಿನ ಚೀಟಿಯಲ್ಲಿ ‘5 ಎಂ.ಎಲ್.’ ಅಂತಷ್ಟೇ ಇದ್ದರೆ?

ಮಕ್ಕಳ ಚೀಟಿ ಕೈಗೆ ಬಂದರೆ ಒಳ್ಳೆ ಫಾರ್ಮಸಿಸ್ಟ್ ಮೊದಲು ತೂಕ ಕೇಳ್ತಾರೆ. 10 ಕೆ.ಜಿ. ತೂಗುವ, ಒಂದು ವರ್ಷದ ಮಗುವಿಗೆ ಜ್ವರ ಅಂದುಕೊಳ್ಳಿ. ಚೀಟಿಯಲ್ಲಿ ‘ಪ್ಯಾರಾಸಿಟಮಾಲ್ ಸಿರಪ್, 5 ಎಂ.ಎಲ್., ದಿನಕ್ಕೆ 4 ಸಲ’ ಅಂತಿದೆ. ಒಂದು ಸಲಕ್ಕೆ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. ಲೆಕ್ಕ ಹಿಡಿದರೆ ಈ ಮಗುವಿಗೆ ಬೇಕಾದ್ದು 100ರಿಂದ 150 ಮಿ.ಗ್ರಾಂ.

ತೊಡಕಿರೋದು ಬಾಟಲಿಯಲ್ಲಿ. 5 ಎಂ.ಎಲ್.ನಲ್ಲಿ 120 ಮಿ.ಗ್ರಾಂ. ಇರುವ ಸಿರಪ್ಪೂ ಉಂಟು, 250 ಇರುವುದೂ ಉಂಟು. ಮೊದಲನೆಯದಾದರೆ ಡೋಸ್ ಸರಿ, ಎರಡನೆಯದಾದರೆ ಪ್ರತಿ ಸಲವೂ ವಿಪರೀತ ಹೆಚ್ಚು. ಡ್ರಾಪ್ಸ್ ಇನ್ನೂ ಸ್ಟ್ರಾಂಗ್, ಸಾಮಾನ್ಯವಾಗಿ ಒಂದೇ ಎಂ.ಎಲ್.ಗೆ 100 ಮಿ.ಗ್ರಾಂ. ಹಾಗಾಗಿ ಯಾವ ಸಿರಪ್ ಅಂತ ಬರೆಯದಿದ್ದರೆ ಊಹಿಸಿ ಕೊಡುವಂತಿಲ್ಲ, ಡಾಕ್ಟರಿಗೆ ಫೋನ್ ಮಾಡಲೇಬೇಕು.

ಆಮೇಲೆ ಅಂತರ. ದಿನಕ್ಕೆ 4 ಸಲ ಅಂದರೆ 6 ಗಂಟೆಗೊಮ್ಮೆ. ಜ್ವರ ಇಳಿಯಲಿಲ್ಲವೆಂದು 2 ಗಂಟೆಗೇ ಮತ್ತೆ ಕುಡಿಸುವ ಮನೆಗಳಿವೆ, ಅದಕ್ಕೇ ಗಂಟೆಯನ್ನು ಲೇಬಲ್ ಮೇಲೆ ಬರೆದುಕೊಡೋದು ಒಳ್ಳೇದು.

ಅದೇ ಚೀಟಿಯಲ್ಲಿ ನೆಗಡಿ ಸಿರಪ್ಪೂ ಇದ್ದರೆ? ಅದರ ಲೇಬಲ್ ಓದಬೇಕು. ಕೆಲವದರಲ್ಲಿ ಪ್ಯಾರಾಸಿಟಮಾಲ್ ಸೇರಿರುತ್ತದೆ, ಎರಡೂ ಕೂಡಿ ಮಿತಿ ದಾಟಿದರೆ ಲಿವರ್‌ಗೆ ಪೆಟ್ಟು. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಜೋಡಿಯಿದ್ದರಂತೂ 4 ವರ್ಷದೊಳಗಿನ ಮಕ್ಕಳಿಗೆ ಬೇಡವೆಂದು ಕೇಂದ್ರ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ. ಮನೆಯಲ್ಲಿ ಆಗಲೇ ಏನು ಕುಡಿಸಿದ್ದೀರಿ ಅಂತ ಕೌಂಟರಿನಲ್ಲಿ ಕೇಳಿದರೆ ಬಾಟಲಿಯ ಫೋಟೊ ತೋರಿಸಿ. ‘ಅದೇ ಕೆಂಪು ಸಿರಪ್’ ಅಂದರೆ ಯಾರಿಗೂ ಗೊತ್ತಾಗಲ್ಲ!